ಚೀಲದ ಮೇಲಿನ ಮೂರು ಅಂಕಿ

ಗೊಬ್ಬರದ ಅಂಗಡಿಯಲ್ಲಿ 'ಯಾವ ಕಂಪನಿಯದು?' ಎಂದು ಕೇಳುವ ಮೊದಲು ಚೀಲದ ಮೇಲಿನ ಅಂಕಿಗಳನ್ನು ಓದಿ. 10-26-26 ಎಂದಿದ್ದರೆ ನೂರು ಕಿಲೊದಲ್ಲಿ 10 ಕಿಲೊ ಸಾರಜನಕ, 26 ರಂಜಕ, 26 ಪೊಟ್ಯಾಷ್ ಇದೆ ಎಂದರ್ಥ. ಅಂಕಿ ಒಂದೇ ಆದರೆ, ತಯಾರಕರು ಯಾರೇ ಆಗಲಿ, ಕಾನೂನಿನ ಪ್ರಕಾರ ಪೋಷಕಾಂಶವೂ ಅಷ್ಟೇ ಇರಬೇಕು. 2022ರಿಂದ ಸಬ್ಸಿಡಿ ಗೊಬ್ಬರಗಳೆಲ್ಲ 'ಭಾರತ್' ಹೆಸರಿನಲ್ಲೇ ಬರುತ್ತಿವೆ.

ಮಳೆಯಾಶ್ರಿತ ರಾಗಿಯನ್ನೇ ನೋಡೋಣ. ಎಕರೆಗೆ ಸುಮಾರು 20 ಕಿಲೊ ಸಾರಜನಕ, 16 ರಂಜಕ, 15 ಪೊಟ್ಯಾಷ್ ಬೇಕು. ಬಹಳ ಮಂದಿ 50 ಕಿಲೊದ ಒಂದು ಚೀಲ ಡಿಎಪಿ ಹಾಕಿ ಸುಮ್ಮನಾಗುತ್ತಾರೆ. ಅದರ ಅಂಕಿ 18-46-0. ಅಂದರೆ ಬೆಳೆಗೆ ಸಿಕ್ಕಿದ್ದು 9 ಕಿಲೊ ಸಾರಜನಕ, 23 ಕಿಲೊ ರಂಜಕ. ರಂಜಕ ಹೆಚ್ಚಾಯಿತು, ಸಾರಜನಕ ಅರ್ಧಕ್ಕೂ ಕಡಿಮೆ, ಪೊಟ್ಯಾಷ್ ಸೊನ್ನೆ. ಕೊರತೆ ಪೈರಿನಲ್ಲೇ ಕಾಣುತ್ತದೆ: ಸಾರಜನಕ ಸಾಲದಿದ್ದರೆ ಕೆಳಗಿನ ಎಲೆಗಳು ಹಳದಿಯಾಗುತ್ತವೆ, ಪೊಟ್ಯಾಷ್ ಸಾಲದಿದ್ದರೆ ಹಳೆಯ ಎಲೆಗಳ ಅಂಚು ಸುಟ್ಟಂತಾಗುತ್ತದೆ.

ಅದರ ಬದಲು 60 ಕಿಲೊ 10-26-26 ಮತ್ತು 30 ಕಿಲೊ ಯೂರಿಯಾ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. 35 ಕಿಲೊ ಡಿಎಪಿ, 25 ಕಿಲೊ ಮ್ಯೂರಿಯೇಟ್ ಆಫ್ ಪೊಟ್ಯಾಷ್, 30 ಕಿಲೊ ಯೂರಿಯಾ ಸೇರಿಸಿದರೂ ಹೆಚ್ಚುಕಡಿಮೆ ಅಷ್ಟೇ ಪೋಷಕಾಂಶ ಸಿಗುತ್ತದೆ. ಹಾಗಾಗಿ ಹೋಲಿಸಬೇಕಾದದ್ದು ಒಂದು ಚೀಲದ ಬೆಲೆಯನ್ನಲ್ಲ, ಎಕರೆಗೆ ಬೀಳುವ ಒಟ್ಟು ಖರ್ಚನ್ನು. ಯೂರಿಯಾವನ್ನು ಮಾತ್ರ ಒಮ್ಮೆಲೇ ಸುರಿಯಬೇಡಿ. ಒಂದು ಪಾಲನ್ನು ತಿಂಗಳ ಪೈರಿಗೆ, ನೆಲ ಹಸಿಯಿದ್ದಾಗ ಮೇಲುಗೊಬ್ಬರವಾಗಿ ಕೊಡಿ. ಮಣ್ಣು ಪರೀಕ್ಷೆಯ ಚೀಟಿ ಕೈಯಲ್ಲಿದ್ದರೆ ಈ ಪ್ರಮಾಣಗಳನ್ನು ಅದರಂತೆ ಬದಲಿಸಿಕೊಳ್ಳಿ.