ಸೆಟಲ್‌ಮೆಂಟ್ ನಿಂತಾಗ ಬರೆಯುವ ಪತ್ರ

ಚನ್ನಪಟ್ಟಣದ ಮರದ ಗೊಂಬೆಗಳನ್ನು ಆನ್‌ಲೈನಿನಲ್ಲಿ ಮಾರುವ ಮಹಿಳೆಯೊಬ್ಬರು ಇದ್ದಾರೆ ಎಂದಿಟ್ಟುಕೊಳ್ಳೋಣ. ಗ್ರಾಹಕರು ಕೊಟ್ಟ ಹಣ ನೇರವಾಗಿ ಅವರ ಕೈ ಸೇರುವುದಿಲ್ಲ. ಮಾರಾಟತಾಣದ ಕಂಪನಿ ತನ್ನ ಕಮಿಷನ್, ಸಾಗಣೆ ವೆಚ್ಚ, ತೆರಿಗೆ ಮುರಿದುಕೊಂಡು ಉಳಿದದ್ದನ್ನು ಅವರ ಬ್ಯಾಂಕ್ ಖಾತೆಗೆ ಹಾಕುತ್ತದೆ. ಇದೇ ಸೆಟಲ್‌ಮೆಂಟ್. ಈ ಸಲ 20 ಆರ್ಡರ್‌ಗಳ ಹಣ ಒಟ್ಟಿಗೇ ನಿಂತಿದೆ.

ಗೊಂಬೆಯ ಬೆಲೆ 1,050 ರೂಪಾಯಿ. ಹಾಗಾಗಿ 21,000 ರೂಪಾಯಿ ಬರಬೇಕು ಎಂದು ಬರೆದರೆ ಪತ್ರ ಅಲ್ಲೇ ಸೋಲುತ್ತದೆ, ಕಂಪನಿಯ ಲೆಕ್ಕದಲ್ಲಿ ಆ ಮೊತ್ತವೇ ಇರುವುದಿಲ್ಲ.

ಲೆಕ್ಕ ಹೀಗೆ. 1,050ರಲ್ಲಿ ಗೊಂಬೆಯ ಮೌಲ್ಯ 1,000, ಜಿಎಸ್‌ಟಿ 50. ಕಮಿಷನ್ 100, ಸಾಗಣೆ 80 ಎಂದಾದರೆ ಆ 180ರ ಮೇಲೆ ಶೇ 18 ಜಿಎಸ್‌ಟಿ, ಅಂದರೆ 32.40. ಜೊತೆಗೆ ಶೇ 0.5 ಟಿಸಿಎಸ್ 5 ರೂಪಾಯಿ, ಶೇ 0.1 ಟಿಡಿಎಸ್ 1 ರೂಪಾಯಿ. ಈ ಕೊನೆಯ ಎರಡೂ ಮಾರಾಟಗಾರರ ಹೆಸರಿನಲ್ಲೇ ಸರ್ಕಾರಕ್ಕೆ ಜಮೆಯಾಗುವುದರಿಂದ ನಷ್ಟವಲ್ಲ. ಕೈಗೆ ಬರಬೇಕಾದದ್ದು 831.60.

ಮುಂದಿನ ಕೆಲಸ ಆರ್ಡರ್‌ಗಳನ್ನು ಬೇರ್ಪಡಿಸುವುದು. ಪತ್ರದ ಜೀವ ಇರುವುದೇ ಇಲ್ಲಿ. 20ರಲ್ಲಿ ಎರಡು ವಾಪಸ್ ಬರುತ್ತಿವೆ, ಒಂದು ದಾರಿಯಲ್ಲಿ ಕಳೆದಿದೆ. ಉಳಿದ 17 ತಲುಪಿವೆ, ಅವುಗಳ ವಾಪಸಾತಿ ಅವಧಿಯೂ ಮುಗಿದಿದೆ. ಎಲ್ಲವನ್ನೂ ಒಂದೇ ಗಂಟು ಕಟ್ಟಿದರೆ ಮೂರರ ತಕರಾರಿಗಾಗಿ ಹದಿನೇಳರ ಹಣವೂ ಕಾಯಬೇಕಾಗುತ್ತದೆ. ಹಾಗಾಗಿ ಅವರು ಬರೆಯಬೇಕಾದದ್ದು ಇಷ್ಟು:

“ಈ ಸೆಟಲ್‌ಮೆಂಟ್ ಸಂಖ್ಯೆಯಡಿ ತಡೆಹಿಡಿದ 20 ಆರ್ಡರ್‌ಗಳಲ್ಲಿ 17 ಗ್ರಾಹಕರಿಗೆ ತಲುಪಿವೆ. ಪ್ರತಿಯೊಂದರ ಆರ್ಡರ್ ಸಂಖ್ಯೆ, ಕೊರಿಯರ್ ಸಂಖ್ಯೆ, ತಲುಪಿದ ದಿನ ಹಾಗೂ ಬರಬೇಕಾದ ಮೊತ್ತದ ಪಟ್ಟಿ ಲಗತ್ತಿಸಿದೆ. ಇವುಗಳ 14,137.20 ರೂಪಾಯಿ ಬಿಡುಗಡೆ ಮಾಡಿ. ಆಗದಿದ್ದರೆ ಒಪ್ಪಂದದ ಯಾವ ಷರತ್ತಿನಡಿ ತಡೆದಿದ್ದೀರಿ ಎಂದು ತಿಳಿಸಿ. ಉಳಿದ ಮೂರರ ಬಗ್ಗೆ ಬೇರೆ ದೂರು ಸಲ್ಲಿಸಿದ್ದೇನೆ.”

ಕಳಿಸುವ ಮುಂಚೆ ಇನ್ನೊಂದನ್ನು ನೋಡಬೇಕು. ಹಣ ಸಂದಾಯವಾಗಿದೆ ಎಂದು ಪರದೆ ತೋರಿಸಿ, ಖಾತೆಗೆ ಬಾರದಿದ್ದರೆ ಬ್ಯಾಂಕ್ ವ್ಯವಹಾರದ ಯುಟಿಆರ್ ಸಂಖ್ಯೆ ಕೇಳಬೇಕು. ಸಂಖ್ಯೆ ಕೊಟ್ಟರೆ ಅದನ್ನು ಹಿಡಿದು ತಮ್ಮ ಬ್ಯಾಂಕಿನಲ್ಲಿ ವಿಚಾರಿಸಬಹುದು. ಕೊಡಲಾಗದಿದ್ದರೆ ಹಣ ಕಂಪನಿಯಿಂದ ಹೊರಟೇ ಇಲ್ಲ ಎಂದೇ ಅನುಮಾನಿಸಬೇಕು. ಪ್ಯಾನ್, ಜಿಎಸ್‌ಟಿ ನೋಂದಣಿ ಮತ್ತು ಬ್ಯಾಂಕ್ ಖಾತೆಯಲ್ಲಿನ ಹೆಸರು ಹೊಂದದಿದ್ದರೂ ಹಣ ನಿಲ್ಲುತ್ತದೆ. ಅದಕ್ಕೆ ಪತ್ರಕ್ಕಿಂತ ದಾಖಲೆ ತಿದ್ದುವುದೇ ಮದ್ದು.

ಕಾನೂನು ಉಲ್ಲೇಖಿಸುವಾಗಲೂ ಎಚ್ಚರ ಬೇಕು. ದೂರು ಬಂದದ್ದನ್ನು 48 ಗಂಟೆಯೊಳಗೆ ದೃಢಪಡಿಸಬೇಕೆಂಬ 2020ರ ಇ-ಕಾಮರ್ಸ್ ನಿಯಮ ಇರುವುದು ಗ್ರಾಹಕರ ದೂರಿಗೆ. ಸಣ್ಣ ಉದ್ಯಮಗಳಿಗೆ ಗರಿಷ್ಠ 45 ದಿನದೊಳಗೆ ಹಣ ಕೊಡಬೇಕೆಂಬ 2006ರ ಕಾಯ್ದೆ ಹೇಳುವುದು ಸರಕು ಕೊಂಡವರ ಬಗ್ಗೆ. ಮಾರಾಟತಾಣವೋ, ತಾನು ಮಧ್ಯವರ್ತಿ ಮಾತ್ರ ಎನ್ನುತ್ತದೆ. ಗಟ್ಟಿ ನೆಲೆ ಸಿಗುವುದು ಸಹಿ ಹಾಕಿದ ಒಪ್ಪಂದದಲ್ಲೇ. ಅದರಲ್ಲಿ ಹಣ ಪಾವತಿಯ ಗಡುವೂ ವ್ಯಾಜ್ಯ ತೀರಿಸುವ ಕ್ರಮವೂ ಇರುತ್ತವೆ. ಆ ಒಪ್ಪಂದವನ್ನೂ ಸೆಟಲ್‌ಮೆಂಟ್ ವರದಿಯನ್ನೂ ಮೊದಲ ದಿನವೇ ಇಳಿಸಿಟ್ಟುಕೊಳ್ಳಬೇಕು. ಮುಂದೆ ಖಾತೆಯನ್ನೇ ಸ್ಥಗಿತಗೊಳಿಸಿದರೆ ಅವು ಕೈಗೆ ಸಿಗದೇ ಹೋಗಬಹುದು.