ತುಟ್ಟಿಭತ್ಯೆಯ ಆದೇಶ ಮತ್ತು ನಾಲ್ಕು ತಿಂಗಳ ಹಿಂಬಾಕಿ

ಕರ್ನಾಟಕ ಸರ್ಕಾರ 2025ರ ಮೇ ತಿಂಗಳಲ್ಲಿ ಹೊರಡಿಸಿದ ತುಟ್ಟಿಭತ್ಯೆ ಆದೇಶದ ಸಾರ ಒಂದೇ ಮಾತಿನದು: ರಾಜ್ಯ ನೌಕರರ ಮೂಲ ವೇತನದ ಶೇ. 10.75ರಷ್ಟಿದ್ದ ಭತ್ಯೆ 2025ರ ಜನವರಿ 1ರಿಂದ ಶೇ. 12.25 ಆಗುತ್ತದೆ. ಆದೇಶ ಬಂದದ್ದು ಮೇ ತಿಂಗಳಲ್ಲಿ, ಅದು ಅನ್ವಯವಾಗುವುದು ಜನವರಿಯಿಂದ. ಆ ಹೊತ್ತಿಗೆ ಜನವರಿಯಿಂದ ಏಪ್ರಿಲ್‌ವರೆಗಿನ ನಾಲ್ಕು ಸಂಬಳಗಳು ಹಳೆಯ ದರದಲ್ಲೇ ಬಟವಾಡೆಯಾಗಿದ್ದವು. ಆ ನಾಲ್ಕು ತಿಂಗಳಲ್ಲಿ ಸಿಗಬೇಕಿದ್ದ ಹಣಕ್ಕೂ ಸಿಕ್ಕ ಹಣಕ್ಕೂ ಇರುವ ವ್ಯತ್ಯಾಸವೇ ಹಿಂಬಾಕಿ. ಕಚೇರಿಗಳಲ್ಲಿ ಇದನ್ನೇ ಡಿ.ಎ. ಅರಿಯರ್ಸ್ ಎನ್ನುತ್ತಾರೆ.

ರಾಜ್ಯದ ದರ ಕೇಂದ್ರದ ದರವನ್ನು ಹಿಂಬಾಲಿಸುವುದರಿಂದಲೇ ಈ ವಿಳಂಬ. ಕೈಗಾರಿಕಾ ಕಾರ್ಮಿಕರ ಬಳಕೆದಾರ ಬೆಲೆ ಸೂಚ್ಯಂಕದ ಹನ್ನೆರಡು ತಿಂಗಳ ಸರಾಸರಿಯನ್ನು ಆಧರಿಸಿ ಕೇಂದ್ರ ಸರ್ಕಾರ ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈಗೆ, ತನ್ನ ದರ ನಿಗದಿ ಮಾಡುತ್ತದೆ. ಡಿಸೆಂಬರ್‌ವರೆಗಿನ ಸೂಚ್ಯಂಕ ಪ್ರಕಟವಾದ ಮೇಲಷ್ಟೇ ಜನವರಿಯ ದರ ಖಚಿತವಾಗುತ್ತದೆ. 2025ರಲ್ಲಿ ಕೇಂದ್ರ ತನ್ನ ದರವನ್ನು ಶೇ. 53ರಿಂದ 55ಕ್ಕೆ ಏರಿಸಿದ್ದನ್ನು ಮಾರ್ಚ್ ಕೊನೆಗೆ ಪ್ರಕಟಿಸಿತು. ರಾಜ್ಯದ ಸರದಿ ಬಂದದ್ದು ಆಮೇಲೆ.

ಕೇಂದ್ರದಲ್ಲಿ ಎರಡು ಏರಿದರೆ ಇಲ್ಲಿ ಒಂದೂವರೆ ಮಾತ್ರ ಏಕೆ ಎಂದು ಕೇಳುವ ನೌಕರರು ಬಹಳ. ಕಾರಣ ವೇತನ ಶ್ರೇಣಿಗಳ ವಯಸ್ಸಿನಲ್ಲಿದೆ. ಕೇಂದ್ರದ ಈಗಿನ ಶ್ರೇಣಿಗಳು 2016ರ ಜನವರಿಯ ಬೆಲೆಮಟ್ಟದವು. ರಾಜ್ಯದ ಏಳನೇ ವೇತನ ಆಯೋಗದ ಶ್ರೇಣಿಗಳನ್ನು ರೂಪಿಸುವಾಗ 2022ರ ಜುಲೈವರೆಗಿನ ಶೇ. 31ರಷ್ಟು ತುಟ್ಟಿಭತ್ಯೆಯನ್ನು ಮೂಲ ವೇತನದಲ್ಲೇ ಸೇರಿಸಲಾಯಿತು. ಅಂದರೆ ರಾಜ್ಯದ ಮೂಲ ವೇತನ ಆರೂವರೆ ವರ್ಷಗಳ ಬೆಲೆ ಏರಿಕೆಯನ್ನು ಆಗಲೇ ಒಳಗಿಟ್ಟುಕೊಂಡಿದೆ. ಒಂದೇ ಏರಿಕೆ ಸಣ್ಣ ಮೊತ್ತದ ಮೇಲೆ ಅಳೆದಾಗ ದೊಡ್ಡ ಶೇಕಡಾವಾರಾಗಿಯೂ ದೊಡ್ಡ ಮೊತ್ತದ ಮೇಲೆ ಅಳೆದಾಗ ಚಿಕ್ಕದಾಗಿಯೂ ಕಾಣುತ್ತದೆ. ಅದಕ್ಕೇ ಕೇಂದ್ರದ ಪ್ರತಿ ಶೇ. 1ಕ್ಕೆ ರಾಜ್ಯದಲ್ಲಿ ಶೇ. 0.722 ಎಂಬ ಸೂತ್ರ.

2022ರ ಜುಲೈನಲ್ಲಿ ಕೇಂದ್ರದ ದರ ಶೇ. 38 ಇತ್ತು. ಅಲ್ಲಿಂದ 55ಕ್ಕೆ ಏರಿಕೆ 17. ಅದನ್ನು 0.722ರಿಂದ ಗುಣಿಸಿದರೆ 12.27 ಬರುತ್ತದೆ, ಆದೇಶದಲ್ಲಿರುವುದು 12.25. ಅದೇ ವರ್ಷದ ಜುಲೈಗೆ ಕೇಂದ್ರದ ದರ 58 ಆದಾಗ ಗುಣಲಬ್ಧ 14.44, ರಾಜ್ಯ ಕೊಟ್ಟದ್ದು 14.25. ದರಗಳು ಕಾಲು ಶೇಕಡಾದ ಮೆಟ್ಟಿಲುಗಳಲ್ಲಿ ನಿಲ್ಲುತ್ತಿವೆ, ಮೇಲಿನ ಚೂರು ಬಿಟ್ಟುಹೋಗುತ್ತಿದೆ. ಹಾಗೆ ಬಿಟ್ಟದ್ದು ಕಳೆದುಹೋಗುವುದಿಲ್ಲ, ಮುಂದಿನ ಪರಿಷ್ಕರಣೆಯ ಒಟ್ಟು ಲೆಕ್ಕದಲ್ಲಿ ಮತ್ತೆ ಬರುತ್ತದೆ.

ಹಿಂಬಾಕಿಯ ಲೆಕ್ಕಕ್ಕೆ ಬೇಕಾದವು ಮೂರೇ: ಆಯಾ ತಿಂಗಳು ನಿಜವಾಗಿ ಪಡೆದ ಮೂಲ ವೇತನ, ಹಳೆಯ ದರ, ಹೊಸ ದರ. ಮನೆ ಬಾಡಿಗೆ ಭತ್ಯೆಯಾಗಲಿ ಇತರ ಭತ್ಯೆಗಳಾಗಲಿ ಇದರೊಳಗೆ ಬರುವುದಿಲ್ಲ. ಆದೇಶವೇ ಹೇಳುವ ಇನ್ನೊಂದು ನಿಯಮವನ್ನು ಹೆಚ್ಚಿನವರು ಓದದೆ ದಾಟಿಬಿಡುತ್ತಾರೆ: ಐವತ್ತು ಪೈಸೆ ಮತ್ತು ಅದಕ್ಕಿಂತ ಹೆಚ್ಚಿದ್ದರೆ ಮುಂದಿನ ರೂಪಾಯಿಗೆ ಏರಿಸಬೇಕು, ಕಡಿಮೆಯಿದ್ದರೆ ಬಿಡಬೇಕು.

34,900 ರೂಪಾಯಿ ಮೂಲ ವೇತನದ ಒಬ್ಬ ದ್ವಿತೀಯ ದರ್ಜೆ ಸಹಾಯಕರನ್ನು ತೆಗೆದುಕೊಳ್ಳಬಹುದು. ಹಳೆಯ ದರದಲ್ಲಿ ಅವರ ತುಟ್ಟಿಭತ್ಯೆ 3,751.75, ಅದು ಸಂಬಳದಲ್ಲಿ 3,752 ಆಗಿ ಬಂದಿದೆ. ಹೊಸ ದರದಲ್ಲಿ 4,275.25, ಕೊಡಬೇಕಾದ್ದು 4,275. ತಿಂಗಳ ವ್ಯತ್ಯಾಸ 523 ರೂಪಾಯಿ. ಇದೇ ನೌಕರರು ಮನೆಯಲ್ಲಿ ಕೂತು 34,900ಕ್ಕೆ ನೇರವಾಗಿ ಶೇ. 1.5 ಕಟ್ಟಿದರೆ 523.50, ಅಂದರೆ 524 ಬರುತ್ತದೆ, ಒಂದು ರೂಪಾಯಿ ಕಡಿಮೆ ಕೊಟ್ಟರು ಅನ್ನಿಸುತ್ತದೆ. ತಪ್ಪು ಕಚೇರಿಯದಲ್ಲ. ಎರಡು ದರಗಳ ಭತ್ಯೆಯನ್ನು ಬೇರೆಬೇರೆಯಾಗಿ ಪೂರ್ಣ ರೂಪಾಯಿಗೆ ತಂದ ಮೇಲೆ ಕಳೆಯಬೇಕು, ಏಕೆಂದರೆ ಹಿಂದೆ ಕೈಗೆ ಬಂದದ್ದು ಪೂರ್ಣ ರೂಪಾಯಿಯಲ್ಲೇ.

ಇದೇ ನೌಕರರು ಮಾರ್ಚ್‌ನಲ್ಲಿ ಹತ್ತು ದಿನ ವೇತನರಹಿತ ರಜೆಯಲ್ಲಿದ್ದರು ಎಂದುಕೊಂಡರೆ ಆ ತಿಂಗಳ ಲೆಕ್ಕ ಬೇರೆಯಾಗುತ್ತದೆ. ಮೂವತ್ತೊಂದು ದಿನಗಳಲ್ಲಿ ಇಪ್ಪತ್ತೊಂದು ದಿನದ ಮೂಲ ವೇತನ 23,642 ರೂಪಾಯಿ. ಅದರ ಮೇಲೆ ಹಳೆಯ ದರದಲ್ಲಿ 2,542, ಹೊಸದರಲ್ಲಿ 2,896, ವ್ಯತ್ಯಾಸ 354. ಉಳಿದ ಮೂರು ತಿಂಗಳ 1,569 ಸೇರಿಸಿದರೆ ಒಟ್ಟು ಹಿಂಬಾಕಿ 1,923 ರೂಪಾಯಿ.

ತಪ್ಪುಗಳು ಹುಟ್ಟುವುದೂ ಇಂಥ ತಿಂಗಳುಗಳಲ್ಲೇ. ಮೇ ತಿಂಗಳ ಮೂಲ ವೇತನವನ್ನು ಹಿಡಿದು ನಾಲ್ಕರಿಂದ ಗುಣಿಸುವುದು ಸುಲಭದ ದಾರಿ, ಆದರೆ ನಡುವೆ ಬಡ್ತಿ ಪಡೆದವರಿಗೆ ಅದು ಹೆಚ್ಚು ಕೊಡುತ್ತದೆ, ಮುಂದೆ ವಸೂಲಿಗೆ ದಾರಿಯಾಗುತ್ತದೆ. ವಾರ್ಷಿಕ ವೇತನ ಬಡ್ತಿ ಜನವರಿಯಿಂದ ಸಿಗಬೇಕಿದ್ದು ತಡವಾಗಿ ಮಂಜೂರಾದವರಲ್ಲಿ ಆಗುವುದು ಇದರ ತಿರುವುಮುರುವು: ಬಡ್ತಿಯ ಬಾಕಿ ಬರುತ್ತದೆ, ಅದರ ಮೇಲಿನ ತುಟ್ಟಿಭತ್ಯೆಯ ವ್ಯತ್ಯಾಸ ಬಿಟ್ಟುಹೋಗುತ್ತದೆ. ಪರೀಕ್ಷೆಗೆ ದೊಡ್ಡ ವಿದ್ಯೆಯೇನೂ ಬೇಡ. ನಾಲ್ಕು ತಿಂಗಳ ಸಂಬಳ ಚೀಟಿಗಳನ್ನು ಸಾಲಾಗಿಟ್ಟು, ಸಿಗಬೇಕಿದ್ದದ್ದು, ಸಿಕ್ಕದ್ದು, ವ್ಯತ್ಯಾಸ ಎಂದು ಮೂರು ಕಾಲಂ ಬರೆದರೆ ಎಲ್ಲಿ ತಪ್ಪಿದೆ ಎಂಬುದು ತಿಂಗಳ ಸಮೇತ ಕಾಣುತ್ತದೆ. ಹಾಗೆ ಬರೆದ ಹಾಳೆಯೊಂದಿಗೆ ಬಟವಾಡೆ ಅಧಿಕಾರಿಯನ್ನು ಕೇಳುವುದು ಬರಿಗೈಯಲ್ಲಿ ಕೇಳುವುದಕ್ಕಿಂತ ಎಷ್ಟೋ ಮೇಲು.

ಲೆಕ್ಕದ 1,923 ಪೂರ್ತಿಯಾಗಿ ಕೈಗೆ ಬರುವುದಿಲ್ಲ. 2006ರ ಏಪ್ರಿಲ್ 1ರಂದು ಅಥವಾ ಆಮೇಲೆ ಸೇವೆಗೆ ಸೇರಿ ಎನ್‌ಪಿಎಸ್‌ನಲ್ಲಿರುವವರ ವಂತಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಎರಡರ ಮೇಲೂ ಶೇ. 10. ಹೀಗಾಗಿ ಹಿಂಬಾಕಿಯಿಂದ ಸುಮಾರು 192 ರೂಪಾಯಿ ಅವರ ಪಿಂಚಣಿ ಖಾತೆಗೆ ಹೋಗುತ್ತದೆ. ಸರ್ಕಾರದ ಪಾಲು ಶೇ. 14, ಅಂದರೆ ಸುಮಾರು 269 ರೂಪಾಯಿ ಅದಕ್ಕೆ ಸೇರಬೇಕು. ಕಡಿತ ನೋಡಿ ಬೇಸರಪಡುವವರು ಈ ಎರಡನೆಯ ಮೊತ್ತ ಖಾತೆಗೆ ಬಂದಿದೆಯೇ ಎಂದು ನೋಡುವುದು ಅಪರೂಪ. ನೋಡಬೇಕಾದದ್ದು ಅದನ್ನೇ.

ಆದಾಯ ತೆರಿಗೆಯಲ್ಲೂ ಒಂದು ತೊಡಕಿದೆ. ಜನವರಿಯಿಂದ ಮಾರ್ಚ್‌ವರೆಗಿನ ಹಿಂಬಾಕಿ 2024-25ರ ಹಣಕಾಸು ವರ್ಷಕ್ಕೆ ಸೇರಿದ್ದು, ಕೈಗೆ ಬರುವುದು 2025-26ರಲ್ಲಿ. ತೆರಿಗೆ ಬೀಳುವುದು ಬಂದ ವರ್ಷದಲ್ಲಿ. ಹೀಗೆ ಬಂದ ವರ್ಷದ ತೆರಿಗೆ ಹೆಚ್ಚಾದರೆ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 89ರಡಿ ಪರಿಹಾರವಿದೆ, ಅದಕ್ಕೆ ಫಾರಂ 10ಇ ಸಲ್ಲಿಸಬೇಕು. ಎರಡು ಸಾವಿರದ ಮೊತ್ತಕ್ಕೆ ಇದರಿಂದ ಲಾಭ ಇರಲಾರದು. ವರ್ಷಗಟ್ಟಲೆಯ ವೇತನ ಬಾಕಿಯೊಂದಿಗೆ ತುಟ್ಟಿಭತ್ಯೆ ಒಟ್ಟಿಗೆ ಬಂದವರಿಗೆ ಇದು ದೊಡ್ಡ ವ್ಯತ್ಯಾಸ ಮಾಡಬಹುದು.

ಅವಧಿಯ ನಡುವೆ ನಿವೃತ್ತರಾದವರ ಹಿಂಬಾಕಿ ಎರಡು ತುಂಡಾಗುತ್ತದೆ. ಫೆಬ್ರವರಿ ಕೊನೆಯಲ್ಲಿ ನಿವೃತ್ತರಾದವರಿಗೆ ಜನವರಿ ಮತ್ತು ಫೆಬ್ರವರಿಯ ವ್ಯತ್ಯಾಸವನ್ನು ಅವರು ಕೊನೆಯದಾಗಿ ದುಡಿದ ಕಚೇರಿ ಬಿಲ್ ಮಾಡಬೇಕು, ಮಾರ್ಚ್‌ನಿಂದಾಚೆಯದು ಪಿಂಚಣಿಯ ಮೇಲಿನ ಭತ್ಯೆಯಾಗಿ ಪಿಂಚಣಿ ಜೊತೆಯಲ್ಲೇ ಬರುತ್ತದೆ. ಮೂಲ ಪಿಂಚಣಿ 17,450 ಇದ್ದರೆ ಹಳೆಯ ದರದಲ್ಲಿ 1,876, ಹೊಸದರಲ್ಲಿ 2,138. ತಿಂಗಳಿಗೆ 262ರಂತೆ ಮಾರ್ಚ್, ಏಪ್ರಿಲ್ ಎರಡಕ್ಕೂ 524 ರೂಪಾಯಿ. ಎರಡನೆಯ ತುಂಡು ಪಿಂಚಣಿಯೊಂದಿಗೆ ಬರುವುದರಿಂದ ಮರೆತುಹೋಗುವುದು ಕಡಿಮೆ. ಮೊದಲನೆಯದನ್ನು ಮಾತ್ರ ನಿವೃತ್ತರು ಹಳೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕಾಗುತ್ತದೆ, ಏಕೆಂದರೆ ಮೇ ತಿಂಗಳ ಸಂಬಳದ ಪಟ್ಟಿಯಲ್ಲಿ ಅವರ ಹೆಸರು ಇರುವುದಿಲ್ಲ.