ಒಂದು ರೀಲಿಗೆ ಒಂದೇ ಕೋರಿಕೆ

ಇಳಕಲ್ ಸೀರೆಯಂಗಡಿಯೊಂದು ಇನ್‌ಸ್ಟಾಗ್ರಾಮಿನಲ್ಲಿ ರೀಲು ಹಾಕುತ್ತದೆ ಎನ್ನಿ. ‘ಲೈಕ್ ಮಾಡಿ, ಫಾಲೋ ಮಾಡಿ, ಅಂಗಡಿಗೂ ಬನ್ನಿ’ ಎಂದು ಒಂದೇ ಉಸಿರಿನಲ್ಲಿ ಕೇಳಿದರೆ ನೋಡುಗರು ಬಹುಪಾಲು ಯಾವುದನ್ನೂ ಮಾಡುವುದಿಲ್ಲ. ರೇಷ್ಮೆ ಸೆರಗನ್ನು ಒಗೆಯುವ ಕ್ರಮ ತೋರಿಸಿದ್ದೀರಾ? ‘ಮುಂದಿನ ಸಲ ಒಗೆಯುವಾಗ ಬೇಕಾದೀತು, ಸೇವ್ ಮಾಡಿಟ್ಟುಕೊಳ್ಳಿ’ ಎಂದರೆ ಸಾಕು. ಲಾಭ ಅವರದೇ ಆದ್ದರಿಂದ ಒತ್ತಾಯ ಅನಿಸದು. ಕಾಮೆಂಟ್ ಬೇಕಿದ್ದರೆ ‘ಅಭಿಪ್ರಾಯ ತಿಳಿಸಿ’ ಎನ್ನುವುದು ಸಪ್ಪೆ. ‘ಸೀಮಂತಕ್ಕೆ ಹಸಿರೋ, ಕೆಂಪೋ?’ ಎಂದು ಕೇಳಿ, ಒಂದೇ ಪದದಲ್ಲಿ ಉತ್ತರಿಸಬಹುದು. ಅಂಗಡಿಗೆ ಕರೆಯುವಾಗ ಬರಲು ಕಾರಣ ಕೊಡಿ: ‘ಕಸೂತಿಯ ಹೊಸ ಸೀರೆಗಳು ಶನಿವಾರದಿಂದ ಇರುತ್ತವೆ, ಮುಟ್ಟಿ ನೋಡಬಹುದು.’ ವಿಳಾಸ, ಸಮಯ ಜೊತೆಗಿರಲಿ. ‘ಇವತ್ತೇ ಕೊನೆ’ ಎಂಬ ಸುಳ್ಳು ಗಡುವು ಬೇಡ. ಮತ್ತೆ, ಸೇವ್ ಕೇಳಿದ ರೀಲನ್ನು ಲೈಕಿನಿಂದ ಅಳೆಯಬೇಡಿ. ಇನ್‌ಸೈಟ್ಸ್‌ನಲ್ಲಿ ಸೇವ್ ಎಷ್ಟೆಂದು ನೋಡಿ.